ಚೆಕ್ ವಾಪಸ್ ಬಂದ ಮೇಲಿನ ಹದಿನೈದು ದಿನ

ಮೂಡಲಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸುವ ನನಗೆ ಉದ್ರಿ ತಪ್ಪಿದ್ದಲ್ಲ. ಗೋಕಾಕದ ಚಿಲ್ಲರೆ ವ್ಯಾಪಾರಿಯೊಬ್ಬರು ಹಳೆಯ ಬಾಕಿಗೆಂದು 1,80,000 ರೂಪಾಯಿಯ ಚೆಕ್ ಬರೆದುಕೊಟ್ಟರು. ಅವರ ಖಾತೆ ಇದ್ದದ್ದು ಹುಕ್ಕೇರಿಯಲ್ಲಿ, ನನ್ನದು ಮೂಡಲಗಿಯಲ್ಲಿ.

ಆ ಚೆಕ್ ಹುಕ್ಕೇರಿಗೆ ಹೋಗಲೇ ಇಲ್ಲ. ನನ್ನ ಬ್ಯಾಂಕಿನವರು ಅದನ್ನು ಸ್ಕ್ಯಾನ್ ಮಾಡಿ ಚಿತ್ರವನ್ನಷ್ಟೇ ಕ್ಲಿಯರಿಂಗ್‌ಗೆ ಕಳಿಸಿದರು. ಸಹಿ, ತಾರೀಖು, ಮೊತ್ತವನ್ನೆಲ್ಲ ಆಚೆಯ ಬ್ಯಾಂಕು ಚಿತ್ರದಲ್ಲೇ ನೋಡುತ್ತದೆ, ಖಾತೆಯಲ್ಲಿ ಹಣವಿದೆಯೇ ಎಂದೂ ನೋಡುತ್ತದೆ. 2025ರ ಅಕ್ಟೋಬರ್ 4ರಿಂದ, ಕ್ಲಿಯರಿಂಗ್‌ನ ನಿಗದಿತ ಹೊತ್ತಿನೊಳಗೆ ಹೋದ ಚೆಕ್ಕಿಗೆ ಅಂದೇ ಸಂಜೆ 7ರೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಪಾಸಾದಂತೆಯೇ ಲೆಕ್ಕ. ಇಂದು ಚೆಕ್ ಕೊಟ್ಟು ನಾಡಿದ್ದು ಹಣ ತುಂಬುವ ನಮ್ಮ ಕಡೆಯ ರೂಢಿಗೆ ಈಗ ಜಾಗವಿಲ್ಲ.

ಖಾತೆಯಲ್ಲಿ ಹಣ ಸಾಲದು ಎಂಬ ಮೆಮೊ ಜೊತೆ ಚೆಕ್ ವಾಪಸ್ ಬಂತು. ತಾರೀಖಿಗೆ ಮೂರು ತಿಂಗಳು ಮೀರಿದರೂ, ಸಹಿ ಹೊಂದದಿದ್ದರೂ, ಮೊತ್ತ ತಿದ್ದಿದ್ದರೂ ಚೆಕ್ ವಾಪಸ್ ಬರುತ್ತದೆ. ಪೇಮೆಂಟ್ ನಿಲ್ಲಿಸಿ ಎಂದು ಬ್ಯಾಂಕಿಗೆ ಬರೆದುಕೊಟ್ಟರೆ ಪಾರಾದೆವು ಎಂದು ಅನೇಕರು ನಂಬಿದ್ದಾರೆ. ನಮ್ಮ ರಾಜ್ಯದಿಂದಲೇ ಹೋದ ರಂಗಪ್ಪ ಮತ್ತು ಶ್ರೀ ಮೋಹನ್ ಪ್ರಕರಣದಲ್ಲಿ ಹಾಗೆ ನಿಲ್ಲಿಸಿದ್ದ ಚೆಕ್ಕಿಗೂ ಸುಪ್ರೀಂ ಕೋರ್ಟ್ 2010ರಲ್ಲಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಸಹಿ ತನ್ನದೆಂದು ಒಪ್ಪಿದ ಮೇಲೆ, ತೀರಿಸಬೇಕಾದ ಸಾಲ ಇರಲಿಲ್ಲವೆಂದು ತೋರಿಸುವ ಹೊಣೆ ಬರೆದವರದೇ.

“ನಾಕ ದಿನ ತಡೀರಿ ಸಾವ್ಕಾರ್ರ, ಮತ್ತೊಮ್ಮೆ ಹಾಕ್ರಿ” ಎಂದರು ಗೋಕಾಕದ ವ್ಯಾಪಾರಿ. ಮೂರು ತಿಂಗಳೊಳಗೆ ಮತ್ತೆ ಹಾಕಬಹುದು, ನಿಜ. ಆದರೆ ವಾಪಸಾದ ಸುದ್ದಿ ತಿಳಿದ 30 ದಿನದೊಳಗೆ ನೋಟಿಸ್ ಹೋಗಬೇಕು. ಬಾಯಿಮಾತಿಗೆ ಕಾಯುತ್ತ ಆ ಗಡುವು ಕಳೆದುಕೊಂಡ ವ್ಯಾಪಾರಿಗಳನ್ನು ಕಂಡಿದ್ದೆ. ವಕೀಲರಿಂದ ಚೆಕ್ಕಿನ ನಂಬರ್, ತಾರೀಖು, ಪೂರ್ತಿ ಮೊತ್ತ ಬರೆಸಿ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದೆ.

ಹಣವಿಲ್ಲದೆ ಚೆಕ್ ವಾಪಸಾದ ಮಾತ್ರಕ್ಕೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಅಪರಾಧ ಪೂರ್ತಿಯಾಗುವುದಿಲ್ಲ. ನೋಟಿಸ್ ಕೈಸೇರಿದ 15 ದಿನದೊಳಗೆ ಹಣ ಕೊಟ್ಟರೆ ಕೇಸೇ ಹುಟ್ಟದು. ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು ಹಾಕಬೇಕು, ಅದೂ ನನ್ನ ಖಾತೆಯಿರುವ ಮೂಡಲಗಿಯ ಕೋರ್ಟಿನಲ್ಲಿ. ಆಗ ಗೋಕಾಕದಿಂದ ತಾರೀಖು ತಾರೀಖಿಗೆ ಅವರೇ ಬರಬೇಕು. ತಪ್ಪೊಪ್ಪದಿದ್ದರೆ ತೀರ್ಪಿಗೆ ಮೊದಲೇ ಮೊತ್ತದ ಶೇಕಡಾ 20ರವರೆಗೆ, ಇಲ್ಲಿ 36,000 ರೂಪಾಯಿವರೆಗೆ, ಮಧ್ಯಂತರ ಪರಿಹಾರ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ಅಪರಾಧ ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ.

ಇದನ್ನೆಲ್ಲ ಅವರ ವಕೀಲರೂ ತಿಳಿಸಿ ಹೇಳಿದ್ದರಂತೆ. ಗಡುವಿಗೆ ಮುಂಚೆಯೇ ನನ್ನ ಖಾತೆಗೆ ಪೂರ್ತಿ ಹಣ ಹಾಕಿದರು. ಯಾವ ಚೆಕ್ಕಿನ ಬಾಬ್ತು ಎಂದು ನಂಬರ್ ಸಮೇತ ರಸೀದಿ ಬರೆದು, ಮೂಲ ಚೆಕ್ಕನ್ನೂ ಅವರ ಕೈಗೇ ಕೊಟ್ಟೆ.