ಬಿಪಿ ಸರಿಯಾಗಿ ನೋಡಿಸಿಕೊಳ್ಳಲು ಆರು ಸೂತ್ರಗಳು

ಮಿಡಿಗೇಶಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಮಧುಗಿರಿಗೆ ಬಂದು, ಸ್ಟ್ಯಾಂಡಿನಲ್ಲಿ ಟೀ ಕುಡಿದು, ಒಂದು ಬೀಡಿ ಸೇದಿ ಆಸ್ಪತ್ರೆಗೆ ನಡೆದ ಐವತ್ತೈದರ ರೈತರೊಬ್ಬರಿದ್ದಾರೆ ಎಂದುಕೊಳ್ಳಿ. ಕೂತ ಕೂಡಲೇ ನೋಡಿದರೆ ಅವರ ಬಿಪಿ 162/96. ಇದು ಅವರ ನಿಜವಾದ ಬಿಪಿಯೋ, ಬಸ್ಸು, ಬೀಡಿ, ನಡಿಗೆ ಸೇರಿ ಏರಿಸಿದ್ದೋ? ಜೀವನಪೂರ್ತಿ ಮಾತ್ರೆ ನುಂಗಬೇಕೇ ಬೇಡವೇ ಎನ್ನುವುದು ಈ ಅಂಕಿಯ ಮೇಲೆ ನಿಂತಿರುವಾಗ, ಅದನ್ನು ಸರಿಯಾಗಿ ಅಳೆಸಿಕೊಳ್ಳುವುದನ್ನು ನಾವೂ ಕಲಿಯಬೇಕು.

1. ಮೇಲಿನದು, ಕೆಳಗಿನದು ಏನೆಂದು ತಿಳಿಯಿರಿ.
ಹೃದಯ ಹಿಂಡಿಕೊಂಡು ರಕ್ತವನ್ನು ನೂಕಿದಾಗ ರಕ್ತನಾಳದ ಗೋಡೆಗೆ ಬೀಳುವ ಒತ್ತಡ ಮೇಲಿನ ಅಂಕಿ. ಹೃದಯ ಸಡಿಲಾಗಿ ಮತ್ತೆ ತುಂಬಿಕೊಳ್ಳುವಾಗ ನಾಳದಲ್ಲಿ ಉಳಿಯುವ ಒತ್ತಡ ಕೆಳಗಿನದು. ಊರಿನ ಕೈಪಂಪು ನೆನಪಿಸಿಕೊಳ್ಳಿ: ಹಿಡಿ ಒತ್ತಿದಾಗ ನೀರು ನುಗ್ಗುತ್ತದೆ, ಹಿಡಿ ಎತ್ತಿದಾಗಲೂ ಸಣ್ಣಗೆ ಸುರಿಯುತ್ತಲೇ ಇರುತ್ತದೆ. ವಯಸ್ಸಾದಂತೆ ರಕ್ತನಾಳ ಬಿಸಿಲಿಗೆ ಒಣಗಿದ ಡ್ರಿಪ್ ಪೈಪಿನಂತೆ ಗಡುಸಾಗುತ್ತದೆ, ನೂಕಿದ ರಕ್ತಕ್ಕೆ ಹಿಗ್ಗಿ ಜಾಗ ಕೊಡುವುದಿಲ್ಲ. ಹಾಗಾಗಿ ಅಜ್ಜ ಅಜ್ಜಿಯರಲ್ಲಿ ಮೇಲಿನದು 160 ಇದ್ದು ಕೆಳಗಿನದು 78 ಇರಬಹುದು. ‘ಕೆಳಗಿನದು ಸರಿಯಾಗಿದೆಯಲ್ಲ’ ಎಂದು ಬಿಡಬೇಡಿ. ಎರಡರಲ್ಲಿ ಒಂದು ಹೆಚ್ಚಿದ್ದರೂ ಅದು ಹೆಚ್ಚೇ.

2. ಅಳೆಯುವವರ ಕೈ ನೋಡಿ.
ತೋಳಿನ ಪಟ್ಟಿಗೆ ಗಾಳಿ ತುಂಬಿದಾಗ ರಕ್ತದ ಓಟ ನಿಲ್ಲುತ್ತದೆ. ಆಮೇಲೆ ಗಾಳಿಯನ್ನು ಮೆಲ್ಲಗೆ, ಸೆಕೆಂಡಿಗೆ ಸುಮಾರು ಒಂದು ಗೆರೆಯಷ್ಟು ಪಾದರಸ ಇಳಿಯುವಂತೆ ಬಿಡಬೇಕು. ಒಂದು ಗೆರೆ ಎಂದರೆ ಎರಡು ಮಿಲಿಮೀಟರ್. ಸ್ಟೆತಸ್ಕೋಪಿನಲ್ಲಿ ಮೊದಲ ‘ಟಪ್’ ಕೇಳಿದ ಜಾಗ ಮೇಲಿನ ಅಂಕಿ, ಸದ್ದು ಪೂರ್ತಿ ಅಡಗಿದ ಜಾಗ ಕೆಳಗಿನದು. 1905ರಲ್ಲಿ ರಷ್ಯಾದ ವೈದ್ಯ ನಿಕೊಲಾಯ್ ಕೊರೊಟ್ಕಾಫ್ ಕಂಡುಕೊಂಡ ಈ ಸದ್ದುಗಳನ್ನೇ ಇಂದಿಗೂ ಕೇಳಿಸಿಕೊಳ್ಳುತ್ತಾರೆ. ಗಾಳಿಯನ್ನು ‘ಬುಸ್ಸೆಂದು’ ಬಿಟ್ಟರೆ ಮೊದಲ ಸದ್ದು ತಪ್ಪಿಹೋಗಿ ಮೇಲಿನದು ಕಡಿಮೆ ಬರುತ್ತದೆ. ನಿಮ್ಮ ಚೀಟಿಯಲ್ಲಿ ಸದಾ 120/80, 130/90, 140/90 ಎಂದು ಸೊನ್ನೆಯಲ್ಲೇ ಮುಗಿಯುವ ಅಂಕಿಗಳಿದ್ದರೆ, ಅಂದಾಜಿಗೆ ಬರೆದಿರುವ ಸಂಭವವಿದೆ. ಇನ್ನೊಮ್ಮೆ ನೋಡಿ ಎಂದು ಕೇಳಲು ಸಂಕೋಚ ಬೇಡ.

3. ಐದು ನಿಮಿಷ ಕೂರಿ.
ಅರ್ಧ ಗಂಟೆ ಮೊದಲಿನಿಂದ ಕಾಫಿ, ಟೀ, ಬೀಡಿ ಬೇಡ. ಮೂತ್ರ ವಿಸರ್ಜಿಸಿ ಬನ್ನಿ. ಬೆನ್ನಿಗೆ ಒರಗು ಇರಲಿ, ಪಾದ ನೆಲಕ್ಕೆ ತಾಕಿರಲಿ, ಕಾಲ ಮೇಲೆ ಕಾಲು ಬೇಡ. ಅಳೆಯುವಾಗ ಮಾತು ಬೇಡ. ‘ಎಲ್ಲಿಂದ ಬಂದ್ರಿ ಯಜಮಾನ್ರೇ?’ ಎಂದು ಕೇಳಿದರೂ ಉತ್ತರ ಆಮೇಲೆ ಹೇಳಿ, ಮಾತಾಡಿದರೂ ಬಿಪಿ ಏರುತ್ತದೆ.

4. ತೋಳು ಎದೆಯ ಮಟ್ಟದಲ್ಲಿರಲಿ.
ತೋಳನ್ನು ಮೇಜಿನ ಮೇಲಿಡಿ. ಪಟ್ಟಿ ಎದೆಮಟ್ಟಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗಿದ್ದರೆ ಅಂಕಿ ಸುಮಾರು ಎಂಟು ಹೆಚ್ಚು ತೋರಿಸುತ್ತದೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೂ ಹೆಚ್ಚು ಬರುತ್ತದೆ. ಅಂಗಿಯ ಮೇಲೆ ಕಟ್ಟುವುದೂ ತಪ್ಪು. ಮೊದಲ ಸಲ ಎರಡೂ ತೋಳು ನೋಡಿಸಿ, ಮುಂದೆ ಹೆಚ್ಚು ಬಂದ ತೋಳಿನಲ್ಲೇ ನೋಡಿಸುತ್ತಾ ಹೋಗಿ.

5. ಒಂದೇ ಅಂಕಿಗೆ ತೀರ್ಮಾನ ಬೇಡ.
ನಮ್ಮ ಮಿಡಿಗೇಶಿಯ ರೈತರನ್ನು ಅರ್ಧ ಗಂಟೆ ಕೂರಿಸಿ, ಒಂದೊಂದು ನಿಮಿಷ ಬಿಟ್ಟು ಮೂರು ಸಲ ಅಳೆದರು ಎನ್ನೋಣ: 150/92, 146/90, 142/88. ಮೊದಲನೆಯದನ್ನು ಬಿಟ್ಟು ಕೊನೆಯ ಎರಡರ ಸರಾಸರಿ ತೆಗೆದರೆ 144/89. ಆಸ್ಪತ್ರೆಯಲ್ಲಿ 140/90 ಗಡಿ, ಮನೆಯಲ್ಲಿ ಅಳೆದರೆ 135/85. ಅವರ ಕೆಳಗಿನದು ಗಡಿಯೊಳಗಿದೆ, ಮೇಲಿನದು ದಾಟಿದೆ. ಅವರು ಬೇರೆ ದಿನ ಬಂದು ಮತ್ತೆ ನೋಡಿಸಬೇಕು, ಆಗಲೂ ಹೀಗೇ ಇದ್ದರೆ ಅದು ಬಿಪಿ ಕಾಯಿಲೆ. 162 ಸುಳ್ಳಾಯಿತೆಂದು ಅವರು ಊರಿಗೆ ಹೋಗಿ ಮರೆತುಬಿಡುವಂತಿಲ್ಲ.

ಅಂಕಿ, ತಾರೀಖು, ಹೊತ್ತು ಮೂರನ್ನೂ ಒಂದೇ ಪುಸ್ತಕದಲ್ಲಿ ಬರೆಸಿ. ಪಾವಗಡದವರಿಗೆ ಇದು ಇನ್ನೂ ಮುಖ್ಯ. ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರವೇ ಇರುವುದರಿಂದ ಒಮ್ಮೆ ಪಾವಗಡದ ಡಾಕ್ಟರು, ಇನ್ನೊಮ್ಮೆ ಹಿಂದೂಪುರದ ಡಾಕ್ಟರು ಆಗುತ್ತದೆ, ಚೀಟಿಗಳು ಎರಡು ಕಡೆ ಚೆದುರುತ್ತವೆ. ಕೊರಟಗೆರೆಯಿಂದ ತುಮಕೂರಿಗೆ ಹೋಗುವವರೂ ಆ ಪುಸ್ತಕವನ್ನು ಚೀಲದಲ್ಲಿಟ್ಟುಕೊಳ್ಳಿ.

6. ಬೇಸಿಗೆಯಲ್ಲಿ ನಿಂತೂ ನೋಡಿಸಿ.
ಶಿರಾ, ಪಾವಗಡದ ಏಪ್ರಿಲ್ ಬಿಸಿಲಿಗೆ ರಕ್ತನಾಳ ಹಿಗ್ಗುತ್ತದೆ, ಬೆವರಲ್ಲಿ ನೀರು ಹೋಗುತ್ತದೆ, ಬಿಪಿ ಇಳಿಯುತ್ತದೆ. ಮಾತ್ರೆ ತೆಗೆದುಕೊಳ್ಳುವವರಿಗೆ ಎದ್ದಾಗ ಕಣ್ಣು ಕತ್ತಲೆ ಬಂದರೆ ನಿಂತು ಮೂರು ನಿಮಿಷದೊಳಗೆ ಅಳೆಸಬೇಕು. ಮೇಲಿನದು 20 ಅಥವಾ ಕೆಳಗಿನದು 10 ಇಳಿದಿದ್ದರೆ ಡಾಕ್ಟರಿಗೆ ಹೇಳಿ. ಮಾತ್ರೆ ಕಡಿಮೆ ಮಾಡುವುದನ್ನು ಅವರು ತೀರ್ಮಾನಿಸಲಿ, ನೀವಾಗಿ ನಿಲ್ಲಿಸಬೇಡಿ.

ಮೇಲಿನದು 180 ಅಥವಾ ಕೆಳಗಿನದು 120 ದಾಟಿದ್ದು, ಜೊತೆಗೆ ಎದೆನೋವು, ತೊದಲು ಮಾತು ಅಥವಾ ಒಂದು ಕಡೆಯ ಕೈಕಾಲಿಗೆ ಬಲವಿಲ್ಲದಂತಾದರೆ ಮತ್ತೊಮ್ಮೆ ಅಳೆಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.