ಕೃಷಿ ಪರಿಸರ ವಿಜ್ಞಾನ: ನಾಪಾ ದ್ರಾಕ್ಷಿತೋಟದ ಉದಾಹರಣೆ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ನಾಪಾ, ಸೊನೋಮಾ ದ್ರಾಕ್ಷಿತೋಟಗಳಲ್ಲಿ ಎಲೆಯ ರಸ ಹೀರುವ ಜಿಗಿಹುಳು ದೊಡ್ಡ ಪೀಡೆ. ಮೂರು ಕೃಷಿ ಪದ್ಧತಿಗಳ ವ್ಯತ್ಯಾಸ ತಿಳಿಯಲು ಈ ಒಂದು ಹುಳು ಸಾಕು.

ಸಾಂಪ್ರದಾಯಿಕ ತೀವ್ರ ಕೃಷಿ ರಾಸಾಯನಿಕ ಕೀಟನಾಶಕ ಸಿಂಪಡಿಸುತ್ತದೆ. ಸಾವಯವ ಕೃಷಿ ಪ್ರಮಾಣಪತ್ರದ ನಿಯಮಕ್ಕೆ ಬದ್ಧ. ಅಮೆರಿಕದಲ್ಲಿ ಕೊಯ್ಲಿಗೆ ಮುಂಚಿನ 3 ವರ್ಷ ಆ ಜಮೀನಿಗೆ ನಿಷೇಧಿತ ವಸ್ತು ತಾಗಿರಬಾರದು. ಆದರೆ ಸಾವಯವ ತೋಟವೂ ದ್ರಾಕ್ಷಿಯೊಂದನ್ನೇ ಬೆಳೆದು, ರಾಸಾಯನಿಕದ ಬದಲು ಅನುಮತಿಸಿದ ಔಷಧ ಹೊಡೆಯುತ್ತಿರಬಹುದು. ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಮಿಗೆಲ್ ಆಲ್ಟಿಯೇರಿ ಇದನ್ನು ಬರೀ ಒಳಸುರಿ ಬದಲಾವಣೆ ಎಂದು ಟೀಕಿಸಿದರು. ಈ ಟೀಕೆಯೇ ವಿಷಯದ ತಿರುಳು.

ಕೃಷಿ ಪರಿಸರ ವಿಜ್ಞಾನ ಕೇಳುವ ಪ್ರಶ್ನೆ ಬೇರೆ: ಜಿಗಿಹುಳುವಿನ ಶತ್ರು ಎಲ್ಲಿ ಹೋಯಿತು? ಅನಾಗ್ರಸ್ ಎಂಬ ಪುಟ್ಟ ಕಣಜ ಅದರ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುತ್ತದೆ. ಚಳಿಗಾಲದಲ್ಲಿ ದ್ರಾಕ್ಷಿಯ ಜಿಗಿಹುಳು ಪ್ರೌಢ ಕೀಟವಾಗಿಯೇ ಉಳಿಯುವುದರಿಂದ ಕಣಜಕ್ಕೆ ಮೊಟ್ಟೆಗಳೇ ಸಿಗವು. ಫ್ರೆಂಚ್ ಪ್ರೂನ್ ಮರದಲ್ಲಿ ಬೇರೊಂದು ಜಿಗಿಹುಳುವಿನ ಮೊಟ್ಟೆಗಳಿರುತ್ತವೆ. ಕಣಜ ಅಲ್ಲಿ ಚಳಿಗಾಲ ಕಳೆಯುತ್ತದೆ. ಹಾಗಾಗಿ ಗಾಳಿ ಬೀಸಿ ಬರುವ ಅಂಚಿನಲ್ಲಿ ಪ್ರೂನ್ ಮರಗಳನ್ನೂ, ಮಕರಂದಕ್ಕಾಗಿ ಸಾಲುಗಳ ನಡುವೆ ಹೂಬೆಳೆಯನ್ನೂ ಬೆಳೆಸುತ್ತಾರೆ. ವೈವಿಧ್ಯ, ಜೀವಿಗಳ ಪರಸ್ಪರ ನೆರವು, ಒಳಸುರಿಯ ಕಡಿತ ಎಂಬ ತತ್ವಗಳು ಇಲ್ಲಿ ಒಟ್ಟಿಗೆ ಕಾಣುತ್ತವೆ.

ಇದರ ಫಲವನ್ನು ಎಲೆಯ ಮೇಲೇ ನೋಡಬಹುದು: ಜಿಗಿಹುಳುವಿನ ಪಾರದರ್ಶಕ ಮೊಟ್ಟೆ ಕೆಂಪಗಾದರೆ ಕಣಜ ಒಳಸೇರಿದೆ ಎಂದರ್ಥ. ಪ್ರೂನ್ ಮರಗಳಿಂದ ದೂರ ಸರಿದಂತೆ ಪರಿಣಾಮ ಇಳಿಯುತ್ತದೆ. ಮೊಟ್ಟೆಯನ್ನು ಎಲೆಯೊಳಗೆ ಆಳದಲ್ಲಿಡುವ ಬಣ್ಣಬಣ್ಣದ ಜಿಗಿಹುಳು ಜಾತಿಯ ಮೇಲೆ ಈ ಕಣಜದ ಹಿಡಿತ ಕಡಿಮೆ.