ಜಾತ್ರೆಯ ಲೆಕ್ಕ, ದಾನಿಗಳ ಮುಂದೆ

ರಥೋತ್ಸವಕ್ಕೆ ದೇಣಿಗೆ ಕೇಳಲು ಸ್ಲೈಡ್ ಸಿದ್ಧಪಡಿಸುವ ಸಮಿತಿಯವರೇ, ಕಳೆದ ವರ್ಷದ ಸಂಗ್ರಹ ಎಂದು ಚಂದಾ ಪುಸ್ತಕದಲ್ಲಿ ಬರೆಸಿದ ಮೊತ್ತವನ್ನು ಹಾಕಬೇಡಿ, ಕೈಸೇರಿದ್ದನ್ನಷ್ಟೇ ಹಾಕಿ. 5 ಲಕ್ಷ ಬರೆಸಿ 4 ಲಕ್ಷ ಬಂದಿದ್ದರೆ ಈ ಸಲದ ಅಂದಾಜಿಗೂ 4 ಲಕ್ಷವೇ ಆಧಾರ. ಖರ್ಚು 6 ಲಕ್ಷವಾದರೆ 2 ಲಕ್ಷದ ಕೊರತೆಯನ್ನು ಮುಚ್ಚಿಡದೆ ತೋರಿಸಿ.

ಸೇವಾಕರ್ತರ ವರ್ಗಗಳಿಗೆ ಚಿನ್ನ, ಬೆಳ್ಳಿ ಎಂಬ ಹೆಸರು ಬೇಡ. ಆ ಹಣ ಎಲ್ಲಿಗೆ ಹೋಗುತ್ತದೆಂದು ಅದರಿಂದ ತಿಳಿಯುವುದಿಲ್ಲ. ಮೂರು ದಿನದ ಅನ್ನಸಂತರ್ಪಣೆಗೆ 1,20,000 ರೂಪಾಯಿ ಬೇಕಿದ್ದರೆ ‘ಒಂದು ದಿನದ ಸಂತರ್ಪಣೆ: 40,000, ಅರ್ಧ ದಿನ: 20,000’ ಎಂದು ಬರೆಯಿರಿ. ಹೂವಿನ ಅಲಂಕಾರ, ದೀಪಾಲಂಕಾರಕ್ಕೂ ಹೀಗೆಯೇ. ಒಂದೇ ದಿನವನ್ನು ಇಬ್ಬರಿಗೆ ಕೊಟ್ಟು ಮುಜುಗರವಾಗದಂತೆ, ಯಾರಾದರೂ ಒಪ್ಪಿಕೊಂಡ ಸೇವೆಯನ್ನು ಅಂದೇ ಪಟ್ಟಿಯಲ್ಲಿ ಗುರುತಿಸಿ.

80ಜಿ ನೋಂದಣಿ ಇಲ್ಲದಿದ್ದರೆ ತೆರಿಗೆ ರಿಯಾಯಿತಿಯ ಮಾತನ್ನೇ ಎತ್ತಬೇಡಿ.